ಹೊದಿಕೆಯ ಮಾತು, ಹಕ್ಕುಸ್ವಾಮ್ಯ ಪುಟದ ಸಾಕ್ಷ್ಯ: ಕಾಲೇಜು ಪಠ್ಯಪುಸ್ತಕದ ಸರಿಯಾದ ಆವೃತ್ತಿಯನ್ನು ಗುರುತಿಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳದ ಎಸ್‌ಸಿಇಆರ್‌ಟಿ ಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳ ಕೈಗೆ ಬಾಲಭಾರತಿಯ ಪುಸ್ತಕಗಳು ಬರುತ್ತವೆ. ಒಂದು ತರಗತಿಗೆ, ಒಂದು ವಿಷಯಕ್ಕೆ, ಆ ವರ್ಷ ನಡೆಯುವ ಪುಸ್ತಕ ಒಂದೇ. ಆದ್ದರಿಂದ ಯಾವ ಆವೃತ್ತಿ ಎಂಬ ಪ್ರಶ್ನೆ ಹತ್ತು ಹನ್ನೆರಡು ವರ್ಷಗಳ ಶಾಲಾ ಜೀವನದಲ್ಲಿ ತಂದೆತಾಯಿಗಳಿಗಾಗಲಿ ಮಕ್ಕಳಿಗಾಗಲಿ ಎದುರಾಗುವುದಿಲ್ಲ. ಪದವಿ ತರಗತಿಯ ಮೊದಲ ವಾರದಲ್ಲಿ ಕಾಲೇಜು ಕೊಡುವ ಪುಸ್ತಕಗಳ ಪಟ್ಟಿಯಲ್ಲಿ ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು ಮತ್ತು ‘ನಾಲ್ಕನೆಯ ಆವೃತ್ತಿ’ ಎಂಬಂಥ ಒಂದು ಮಾತು ಇರುತ್ತದೆ. ಅಲ್ಲಿಂದ ತೊಡಕು ಆರಂಭವಾಗುತ್ತದೆ.

ಹೊಸ ಪುಸ್ತಕದ ಬೆಲೆ ದುಬಾರಿಯಾದಾಗ ಮನೆಯವರು ಹಳೆಯ ಪುಸ್ತಕದ ಅಂಗಡಿಯನ್ನೋ ಹಿರಿಯ ವಿದ್ಯಾರ್ಥಿಗಳನ್ನೋ ವಿಚಾರಿಸುತ್ತಾರೆ. ಮಾರುವವರು ದೂರದ ಊರಿನಲ್ಲಿದ್ದರೆ ಮೊಬೈಲಿಗೆ ಎರಡು ಚಿತ್ರಗಳು ಬರುತ್ತವೆ: ಒಂದು ಹೊದಿಕೆಯದು, ಇನ್ನೊಂದು ಒಳಗಿನ ಸಣ್ಣ ಅಕ್ಷರಗಳ ಪುಟದ್ದು. ಹಣ ಕಳುಹಿಸಿದ ಮೇಲೆ ಪುಸ್ತಕ ಮರಳಿ ಹೋಗುವುದು ಅಪರೂಪ. ತಪ್ಪು ಆವೃತ್ತಿ ಬಂದರೆ, ಅಧ್ಯಾಪಕರು ‘ಮೂರನೆಯ ಅಧ್ಯಾಯದ ಇಂತಿಷ್ಟನೆಯ ಲೆಕ್ಕ ಮಾಡಿ ತನ್ನಿ’ ಎಂದಾಗ ವಿದ್ಯಾರ್ಥಿಯ ಪುಸ್ತಕದಲ್ಲಿ ಆ ಸಂಖ್ಯೆಯಲ್ಲಿ ಬೇರೊಂದು ಲೆಕ್ಕ ಇರುತ್ತದೆ. ಕನ್ನಡದಲ್ಲಿ ವಿಜ್ಞಾನ ಕಲಿತು ಮೊದಲ ಬಾರಿಗೆ ಇಂಗ್ಲಿಷ್ ಪಠ್ಯಪುಸ್ತಕ ಹಿಡಿದ ಮಗುವಿಗೆ ದೋಷವಿರುವುದು ಪುಸ್ತಕದಲ್ಲೋ ತನ್ನ ತಿಳಿವಳಿಕೆಯಲ್ಲೋ ಎಂಬುದು ಕೂಡ ಬೇಗ ತಿಳಿಯುವುದಿಲ್ಲ.

ಆ ಎರಡು ಚಿತ್ರಗಳನ್ನು ಓದುವ ಕ್ರಮವನ್ನು ಒಂದು ನಿಜವಾದ ಪುಸ್ತಕದ ಮೂಲಕ ನೋಡಬಹುದು. ಬಿ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಡೇವಿಡ್ ಜೆ. ಗ್ರಿಫಿತ್ಸ್ ಅವರ ‘ಇಂಟ್ರೊಡಕ್ಷನ್ ಟು ಎಲೆಕ್ಟ್ರೊಡೈನಮಿಕ್ಸ್’ ಇದಕ್ಕೆ ತಕ್ಕ ಉದಾಹರಣೆ. ಮೊದಲ ಆವೃತ್ತಿ 1981ರಲ್ಲಿ, ಎರಡನೆಯದು 1989ರಲ್ಲಿ, ಮೂರನೆಯದು 1999ರಲ್ಲಿ ಪ್ರೆಂಟಿಸ್ ಹಾಲ್ ಸಂಸ್ಥೆಯಿಂದ ಬಂದವು. ನಾಲ್ಕನೆಯ ಆವೃತ್ತಿಯನ್ನು ಪಿಯರ್ಸನ್ ಸಂಸ್ಥೆ 2013ರ ಹಕ್ಕುಸ್ವಾಮ್ಯ ವರ್ಷದೊಂದಿಗೆ ಹೊರತಂದಿತು. ಅದೇ ನಾಲ್ಕನೆಯ ಆವೃತ್ತಿಯನ್ನು 2017ರಲ್ಲಿ ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಮತ್ತೆ ಪ್ರಕಟಿಸಿತು. ಐದನೆಯ ಆವೃತ್ತಿಯೂ ಕೇಂಬ್ರಿಜ್‌ನಿಂದ ಬಂದಿದೆ. ಇವೆಲ್ಲವೂ ಹಳೆಯ ಪುಸ್ತಕದ ಪೇಟೆಯಲ್ಲಿ ಒಟ್ಟಿಗೆ ಸಿಗುತ್ತವೆ.

ಆವೃತ್ತಿ ಬೇರೆ, ಮುದ್ರಣ ಬೇರೆ

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಕನ್ನಡ ಪುಸ್ತಕಗಳಲ್ಲಿ ‘ಮೊದಲ ಮುದ್ರಣ’, ‘ಎರಡನೆಯ ಮುದ್ರಣ’ ಎಂದು ವರ್ಷಗಳನ್ನು ಬರೆಯುವ ರೂಢಿಯಿದೆ. ಕೆಲವೆಡೆ ಮುದ್ರಣವನ್ನೇ ಆವೃತ್ತಿ ಎಂದೂ ಕರೆಯುವುದುಂಟು. ಆದರೆ ಕಾಲೇಜಿನ ಪಠ್ಯಪುಸ್ತಕದ ವಿಷಯದಲ್ಲಿ ಎರಡಕ್ಕೂ ಅರ್ಥ ಬೇರೆ. ಲೇಖಕರು ಪಠ್ಯವನ್ನು ತಿದ್ದಿ, ಲೆಕ್ಕಗಳನ್ನು ಸೇರಿಸಿ ಅಥವಾ ತೆಗೆದು, ಪುಟಗಳನ್ನು ಹೊಸದಾಗಿ ಜೋಡಿಸಿದರೆ ಅದು ಹೊಸ ಆವೃತ್ತಿ. ಇದ್ದ ಪುಟಗಳನ್ನೇ ಮತ್ತೆ ಅಚ್ಚು ಹಾಕಿದರೆ ಅದು ಮರುಮುದ್ರಣ. ಹೆಚ್ಚೆಂದರೆ ಅಲ್ಲಲ್ಲಿ ಕಂಡ ಅಚ್ಚಿನ ತಪ್ಪುಗಳನ್ನು ಸರಿಪಡಿಸಿರುತ್ತಾರೆ. ಬಾಲಭಾರತಿಯ ಶಾಲಾ ಪುಸ್ತಕದ ಒಳಪುಟದಲ್ಲಿ ಪ್ರಥಮ ಆವೃತ್ತಿಯ ವರ್ಷ ಒಂದು, ಪುನರ್ಮುದ್ರಣದ ವರ್ಷ ಇನ್ನೊಂದು ಇರುವುದನ್ನು ಕಂಡವರಿಗೆ ಈ ಭೇದ ಸುಲಭವಾಗಿ ಹಿಡಿಯುತ್ತದೆ.

ಹಕ್ಕುಸ್ವಾಮ್ಯದ ಪುಟ ಸಾಮಾನ್ಯವಾಗಿ ಶೀರ್ಷಿಕೆ ಪುಟದ ಬೆನ್ನಿಗೆ ಇರುತ್ತದೆ. ಅಲ್ಲಿ © ಚಿಹ್ನೆಯ ಮುಂದೆ ಒಂದಕ್ಕಿಂತ ಹೆಚ್ಚು ವರ್ಷಗಳು ಸಾಲಾಗಿ ಇರಬಹುದು. ಗ್ರಿಫಿತ್ಸ್ ಅವರ ಮೂರನೆಯ ಆವೃತ್ತಿಯಲ್ಲಿ 1999, 1989, 1981 ಎಂಬ ಮೂರೂ ವರ್ಷಗಳಿವೆ. ಇವುಗಳಲ್ಲಿ ಎಲ್ಲಕ್ಕಿಂತ ಇತ್ತೀಚಿನದು ಆ ಆವೃತ್ತಿಯ ವರ್ಷ. ಉಳಿದವು ಹಿಂದಿನ ಆವೃತ್ತಿಗಳ ವರ್ಷಗಳು. ಅವಸರದಲ್ಲಿ ಕೊನೆಯ ವರ್ಷವನ್ನಷ್ಟೇ ಓದಿದವರು ಇದನ್ನು 1981ರ ಪುಸ್ತಕವೆಂದು ತಿಳಿಯುತ್ತಾರೆ. ಮತ್ತೊಂದು ಮಾತು: ವರ್ಷದ ಕೊನೆಯ ತಿಂಗಳುಗಳಲ್ಲಿ ಹೊರಬರುವ ಪಠ್ಯಪುಸ್ತಕಕ್ಕೆ ಮುಂದಿನ ವರ್ಷದ ಹಕ್ಕುಸ್ವಾಮ್ಯವನ್ನು ಅಚ್ಚು ಹಾಕುವ ರೂಢಿ ಪ್ರಕಾಶಕರಲ್ಲಿದೆ. ಆದ್ದರಿಂದ ಕಾಲೇಜಿನ ಪಟ್ಟಿಯ ವರ್ಷಕ್ಕೂ ಪುಸ್ತಕದ ವರ್ಷಕ್ಕೂ ಒಂದು ವರ್ಷದ ಅಂತರವಿದ್ದ ಮಾತ್ರಕ್ಕೆ ಅದು ಬೇರೆ ಆವೃತ್ತಿ ಎನ್ನಲಾಗದು.

ಅದೇ ಪುಟದ ಕೆಳಭಾಗದಲ್ಲಿ 10 9 8 7 6 5 ಎಂಬಂಥ ಅಂಕಿಗಳ ಸಾಲು ಕಂಡರೆ ಅದು ಮುದ್ರಣದ ಲೆಕ್ಕ. ಆ ಸಾಲಿನ ಅತ್ಯಂತ ಚಿಕ್ಕ ಅಂಕಿಯೇ ಆ ಪ್ರತಿಯ ಮುದ್ರಣದ ಸಂಖ್ಯೆ. ಪ್ರತಿಸಲ ಅಚ್ಚು ಹಾಕುವಾಗ ಚಿಕ್ಕ ಅಂಕಿಯೊಂದನ್ನು ಅಳಿಸುತ್ತಾರೆ. ಇಲ್ಲಿ 5 ಉಳಿದಿದ್ದರೆ ಅದು ಐದನೆಯ ಮುದ್ರಣ, ಐದನೆಯ ಆವೃತ್ತಿಯಲ್ಲ. ‘ಐದು ಎಂದು ಬರೆದಿದೆ’ ಎಂದು ಮಾರುವವರು ಹೇಳಿದರೆ, ಎಲ್ಲಿ ಬರೆದಿದೆ ಎಂದು ಕೇಳಬೇಕಾಗುವುದು ಇದೇ ಕಾರಣಕ್ಕೆ.

ಹೊದಿಕೆಯ ಮೇಲಿನ ‘ಎಡಿಷನ್’

ಹೊದಿಕೆಯಲ್ಲಿ ದಪ್ಪಕ್ಷರದ ‘ಎಡಿಷನ್’ ಎಂಬ ಪದ ಕಂಡಾಗ ಅದರ ಹಿಂದೆ ಸಂಖ್ಯೆ ಇದೆಯೇ ಎಂದು ನೋಡಬೇಕು. ‘ಥರ್ಡ್ ಎಡಿಷನ್’, ‘ಫೋರ್ತ್ ಎಡಿಷನ್’ ಎಂದರೆ ಪಠ್ಯದ ಪರಿಷ್ಕರಣೆಯ ಕ್ರಮ. ‘ಈಸ್ಟರ್ನ್ ಎಕಾನಮಿ ಎಡಿಷನ್’, ‘ಇಂಡಿಯನ್ ಎಡಿಷನ್’, ‘ಇಂಟರ್‌ನ್ಯಾಷನಲ್ ಎಡಿಷನ್’ ಎಂದರೆ ಅದು ಮಾರಾಟದ ಪ್ರದೇಶದ ಮಾತು. ಗ್ರಿಫಿತ್ಸ್ ಅವರ ಮೂರನೆಯ ಆವೃತ್ತಿಯು ಭಾರತದಲ್ಲಿ ಕಡಿಮೆ ಬೆಲೆಯ ‘ಈಸ್ಟರ್ನ್ ಎಕಾನಮಿ ಎಡಿಷನ್’ ಆಗಿ ಪ್ರಚಾರದಲ್ಲಿತ್ತು. ಹೊದಿಕೆಯ ಆ ಪಟ್ಟಿಯನ್ನು ಓದಿ, ಪುಸ್ತಕ ಎಷ್ಟನೆಯ ಆವೃತ್ತಿ ಎಂಬುದನ್ನು ಹೇಳಲಾಗದು.

ಭಾರತದಲ್ಲಿ ಮಾರಲು ಅನುಮತಿ ಪಡೆದ ಇಂಥ ಪ್ರತಿಗಳು ಕಳ್ಳಮುದ್ರಣವಲ್ಲ. ಕಾಗದ ತೆಳುವಾಗಿರಬಹುದು, ಬಣ್ಣದ ಚಿತ್ರಗಳು ಕಪ್ಪುಬಿಳುಪಾಗಿರಬಹುದು, ಹೊದಿಕೆಯ ಚಿತ್ರವೇ ಬೇರೆಯಾಗಿರಬಹುದು. ಆದ್ದರಿಂದ ಹೊದಿಕೆಯ ಚಿತ್ರ ಅಂತರ್ಜಾಲದಲ್ಲಿ ಕಂಡದ್ದಕ್ಕೆ ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ಪುಸ್ತಕವನ್ನು ತಳ್ಳಿಹಾಕಬಾರದು; ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಲೂಬಾರದು. ಕೆಲವು ವಿಷಯಗಳ ಅಂತರರಾಷ್ಟ್ರೀಯ ಪ್ರತಿಗಳಲ್ಲಿ ಆವೃತ್ತಿಯ ಸಂಖ್ಯೆ ಒಂದೇ ಇದ್ದರೂ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಬದಲಿಸಿರುವುದುಂಟು. ಅದನ್ನು ಹೊದಿಕೆಯೂ ಹಕ್ಕುಸ್ವಾಮ್ಯದ ಪುಟವೂ ಹೇಳಲಾರವು. ಲೆಕ್ಕಗಳ ಒಂದು ಪುಟವನ್ನು ಹೋಲಿಸಿಯೇ ತಿಳಿಯಬೇಕು.

ಹದಿಮೂರು ಅಂಕಿಗಳು

ಹಿಂದಿನ ಹೊದಿಕೆಯ ಪಟ್ಟೆಗೆರೆಗಳ ಬಳಿಯೂ ಹಕ್ಕುಸ್ವಾಮ್ಯದ ಪುಟದಲ್ಲಿಯೂ ಇರುವ ಐಎಸ್‌ಬಿಎನ್ ಎಂಬ ಸಂಖ್ಯೆ ಪುಸ್ತಕದ ಗುರುತು. 2007ರ ಜನವರಿಯಿಂದ ಅದು ಹದಿಮೂರು ಅಂಕಿಗಳದ್ದು. ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ ಹತ್ತು ಅಂಕಿಗಳು. ಹದಿಮೂರರಲ್ಲಿ ಮೊದಲ ಮೂರು ಸಾಮಾನ್ಯವಾಗಿ 978. ಅದರ ಮುಂದೆ 0 ಅಥವಾ 1 ಇದ್ದರೆ ಇಂಗ್ಲಿಷ್ ಭಾಷಾ ಪ್ರದೇಶದ ಪ್ರಕಾಶನ. 81 ಅಥವಾ 93 ಇದ್ದರೆ ಭಾರತದ್ದು. ನಂತರ ಪ್ರಕಾಶಕರ ಸಂಖ್ಯೆ, ಆ ಮೇಲೆ ಪುಸ್ತಕದ ಸಂಖ್ಯೆ, ಕೊನೆಯದು ಪರೀಕ್ಷೆಯ ಅಂಕಿ.

ಗ್ರಿಫಿತ್ಸ್ ಅವರ ಮೂರನೆಯ ಆವೃತ್ತಿಯ ಅಮೆರಿಕದ ಪ್ರತಿಯಲ್ಲಿ 0-13-805326-X ಎಂದಿದೆ. ಹತ್ತಂಕಿಯ ಪದ್ಧತಿಯಲ್ಲಿ ಕೊನೆಯ ಸ್ಥಾನಕ್ಕೆ ಹತ್ತು ಬಂದಾಗ ಅದನ್ನು X ಎಂದು ಬರೆಯುತ್ತಾರೆ. ಇದೇ ಪುಸ್ತಕ ಅಂಗಡಿಯ ಪಟ್ಟಿಯಲ್ಲಿ 978-0-13-805326-0 ಎಂದು ಕಂಡರೆ ಅದು ಬೇರೆ ಪುಸ್ತಕವಲ್ಲ. ಮುಂದೆ 978 ಸೇರಿದಾಗ ಕೊನೆಯ ಪರೀಕ್ಷೆಯ ಅಂಕಿಯನ್ನು ಹೊಸದಾಗಿ ಎಣಿಸಬೇಕಾಗುತ್ತದೆ. ನಡುವಿನ ಒಂಬತ್ತು ಅಂಕಿಗಳು ಮಾತ್ರ ಬದಲಾಗುವುದಿಲ್ಲ. ಹೋಲಿಸಬೇಕಾದದ್ದು ಆ ಒಂಬತ್ತನ್ನು.

ಪರೀಕ್ಷೆಯ ಅಂಕಿಯಿಂದ ಇನ್ನೊಂದು ಉಪಯೋಗವಿದೆ. ಮೊಬೈಲಿಗೆ ಬಂದ ಚಿತ್ರದಲ್ಲಿ ಒಂದು ಅಂಕಿ ಮಸುಕಾಗಿದ್ದರೆ ಅದನ್ನು ಲೆಕ್ಕ ಹಾಕಿ ಹಿಡಿಯಬಹುದು. ಪಿಯರ್ಸನ್‌ನ ನಾಲ್ಕನೆಯ ಆವೃತ್ತಿಯ ಸಂಖ್ಯೆಯಲ್ಲಿ 978-0-321-8 ಎಂಬಷ್ಟು ಕಂಡು, ಮುಂದಿನ ಅಂಕಿಯ ಮೇಲೆ ಬೆಳಕಿನ ಪ್ರತಿಫಲನ ಬಿದ್ದು, ಆ ಬಳಿಕ 656-2 ಎಂದು ಕಾಣುತ್ತದೆ ಎಂದು ಭಾವಿಸಬಹುದು. ಎಡದಿಂದ ಎಣಿಸಿದರೆ ಮಸುಕಾದದ್ದು ಒಂಬತ್ತನೆಯ ಅಂಕಿ. ನಿಯಮ ಸರಳವಾದದ್ದು: ಬೆಸ ಸ್ಥಾನದ ಅಂಕಿಗಳನ್ನು ಹಾಗೆಯೇ ಕೂಡಬೇಕು, ಸಮ ಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಬೇಕು, ಎರಡರ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು.

ಬೆಸ ಸ್ಥಾನಗಳಲ್ಲಿ ಕಾಣುವವು 9, 8, 3, 1, 5 ಮತ್ತು 2, ಕೂಡಿದರೆ 28. ಸಮ ಸ್ಥಾನಗಳಲ್ಲಿ 7, 0, 2, 8, 6 ಮತ್ತು 6. ಕೂಡಿದರೆ 29, ಮೂರರಿಂದ ಗುಣಿಸಿದರೆ 87. ಎರಡೂ ಸೇರಿ 115. ಇದನ್ನು 120 ಮಾಡಲು 5 ಬೇಕು. ಒಂಬತ್ತನೆಯದು ಬೆಸ ಸ್ಥಾನವಾದ್ದರಿಂದ ಗುಣಾಕಾರವಿಲ್ಲ. ಮಸುಕಾದ ಅಂಕಿ 5. ಹಾಗಾಗಿ ಪೂರ್ಣ ಸಂಖ್ಯೆ 978-0-321-85656-2. ಎಂಟನೆಯ ತರಗತಿಯ ಮಗುವೂ ಮಾಡಬಲ್ಲ ಈ ಲೆಕ್ಕಕ್ಕೆ ಮಿತಿಯೂ ಇದೆ. ಒಂದೇ ಅಂಕಿ ಮಸುಕಾಗಿದ್ದರೆ ಮಾತ್ರ ಉತ್ತರ ಖಚಿತ. ಎರಡು ಅಂಕಿಗಳು ಕಾಣದಿದ್ದರೆ ಹಲವು ಜೋಡಿಗಳು ಹೊಂದುತ್ತವೆ, ಆಗ ಹೊಸ ಚಿತ್ರ ಕೇಳುವುದೇ ದಾರಿ.

ಐಎಸ್‌ಬಿಎನ್ ಹೇಳದ ಸಂಗತಿಯನ್ನೂ ಗಮನಿಸಬೇಕು. ಸಂಖ್ಯೆ ಒಂದೇ ಆಗಿದ್ದರೆ ಪುಸ್ತಕ ಒಂದೇ ಎನ್ನಬಹುದು. ಸಂಖ್ಯೆ ಬೇರೆಯಾಗಿದ್ದರೆ ಪಠ್ಯವೂ ಬೇರೆ ಎನ್ನಲಾಗದು. ರಟ್ಟಿನ ಹೊದಿಕೆಗೆ ಒಂದು ಸಂಖ್ಯೆ, ಕಾಗದದ ಹೊದಿಕೆಗೆ ಇನ್ನೊಂದು, ಭಾರತದ ಪ್ರತಿಗೆ ಮತ್ತೊಂದು ಇರುತ್ತದೆ. ಪ್ರಕಾಶಕರು ಬದಲಾದರಂತೂ ಸಂಖ್ಯೆ ಬದಲಾಗಲೇಬೇಕು.

ಮೂರು ಪ್ರತಿಗಳು, ಒಂದು ಆಯ್ಕೆ

ಕಾಲೇಜಿನ ಪಟ್ಟಿಯಲ್ಲಿ ‘ಗ್ರಿಫಿತ್ಸ್, ನಾಲ್ಕನೆಯ ಆವೃತ್ತಿ, ಪಿಯರ್ಸನ್’ ಎಂದಿದ್ದು, ವಿದ್ಯಾರ್ಥಿನಿಯೊಬ್ಬಳಿಗೆ ಮೂರು ಕಡೆಯಿಂದ ಚಿತ್ರಗಳು ಬಂದಿವೆ ಎಂದಾದರೆ ವಿಚಾರಣೆ ಹೀಗೆ ಸಾಗುತ್ತದೆ.

ಮೊದಲ ಪ್ರತಿಯ ಹೊದಿಕೆಯಲ್ಲಿ ‘ಈಸ್ಟರ್ನ್ ಎಕಾನಮಿ ಎಡಿಷನ್’ ಎಂಬ ಪಟ್ಟಿಯಿದೆ. ಒಳಪುಟದಲ್ಲಿ ಮುದ್ರಣದ ವರ್ಷ 2014 ಎಂದಿದೆ. ನಾಲ್ಕನೆಯ ಆವೃತ್ತಿಯ ವರ್ಷ 2013, ಇದು 2014ರದ್ದು, ಆದ್ದರಿಂದ ಇದು ನಾಲ್ಕನೆಯದೇ ಇರಬೇಕು ಎಂದು ಮನೆಯವರು ತರ್ಕಿಸುವ ಸಂಭವವಿದೆ. ಆದರೆ © ಚಿಹ್ನೆಯ ಮುಂದಿನ ವರ್ಷ 1999 ಆಗಿದ್ದರೆ ಇದು ಮೂರನೆಯ ಆವೃತ್ತಿಯ ತಡವಾದ ಮರುಮುದ್ರಣ. ಹೊಸ ಆವೃತ್ತಿ ಬಂದ ಮೇಲೂ ಹಳೆಯದು ಅಚ್ಚಾಗುತ್ತಿರುವುದು ಪಠ್ಯಪುಸ್ತಕಗಳ ಲೋಕದಲ್ಲಿ ಸಾಮಾನ್ಯ. ಮುದ್ರಣದ ವರ್ಷ ಪ್ರತಿಯ ವಯಸ್ಸನ್ನು ಹೇಳುತ್ತದೆ, ಪಠ್ಯದ ವಯಸ್ಸನ್ನಲ್ಲ.

ಎರಡನೆಯ ಪ್ರತಿಯಲ್ಲಿ ಪ್ರಕಾಶಕರು ಕೇಂಬ್ರಿಜ್, ವರ್ಷ 2017, ಸಂಖ್ಯೆ 978-1-108-42041-9. ಪಟ್ಟಿಯ ಪ್ರಕಾಶಕರೂ ವರ್ಷವೂ ಸಂಖ್ಯೆಯೂ ಇದಕ್ಕೆ ಹೊಂದುವುದಿಲ್ಲ. ಮೇಲ್ನೋಟಕ್ಕೆ ಇದನ್ನೇ ಮೊದಲು ಬಿಟ್ಟುಬಿಡಬೇಕೆನಿಸುತ್ತದೆ. ಆದರೆ ಶೀರ್ಷಿಕೆ ಪುಟದಲ್ಲಿ ‘ಫೋರ್ತ್ ಎಡಿಷನ್’ ಎಂದಿದೆ. ಪುಸ್ತಕ ಹಿಂದೆ ಪಿಯರ್ಸನ್‌ನಿಂದ ಬಂದಿತ್ತು, ಈಗ ಕೇಂಬ್ರಿಜ್ ಮರುಪ್ರಕಟಿಸಿದೆ ಎಂಬ ಸಾರದ ಸಾಲು ಹಕ್ಕುಸ್ವಾಮ್ಯದ ಪುಟದಲ್ಲಿದೆ. ಆ ಒಂದು ಸಾಲು ಉಳಿದೆಲ್ಲ ವ್ಯತ್ಯಾಸಗಳಿಗೂ ಉತ್ತರ ಕೊಡುತ್ತದೆ. ತರಗತಿಗೆ ಬೇಕಾದ ನಾಲ್ಕನೆಯ ಆವೃತ್ತಿ ಇದೇ.

ಮೂರನೆಯದು ಪಿಯರ್ಸನ್ ಪ್ರತಿ. ವರ್ಷ 2013, ಸಂಖ್ಯೆ ಮೇಲೆ ಲೆಕ್ಕ ಹಾಕಿದ್ದೇ. ಪಟ್ಟಿಗೆ ಎಲ್ಲ ರೀತಿಯಿಂದಲೂ ಹೊಂದುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಆಯ್ಕೆ ಉಳಿದಿರುವುದು ಬೆಲೆ ಮತ್ತು ಪ್ರತಿಯ ಸ್ಥಿತಿಯ ಮೇಲೆ ಮಾತ್ರ.

ಹಕ್ಕುಸ್ವಾಮ್ಯದ ಪುಟ ಹರಿದಿದ್ದರೆ ಅಥವಾ ಚಿತ್ರ ಓದಲಾಗದಿದ್ದರೆ ಈ ಪುಸ್ತಕದಲ್ಲಿ ಮತ್ತೊಂದು ಸಾಕ್ಷ್ಯವಿದೆ. ಎರಡೂ ಆವೃತ್ತಿಗಳಲ್ಲಿ ಹನ್ನೆರಡು ಅಧ್ಯಾಯಗಳು. ಆದರೆ ಮೂರನೆಯ ಅಧ್ಯಾಯದ ಹೆಸರು ಮೂರನೆಯ ಆವೃತ್ತಿಯಲ್ಲಿ ‘ಸ್ಪೆಷಲ್ ಟೆಕ್ನಿಕ್ಸ್’, ನಾಲ್ಕನೆಯದರಲ್ಲಿ ‘ಪೊಟೆನ್ಷಿಯಲ್ಸ್’. ಪರಿವಿಡಿಯ ಒಂದು ಚಿತ್ರ ಸಾಕು. ಯಾವ ಪುಸ್ತಕದ ವಿಷಯದಲ್ಲಾದರೂ ಸರಿಯಾದ ಆವೃತ್ತಿಯ ಪರಿವಿಡಿಯನ್ನು ಕಾಲೇಜಿನ ಗ್ರಂಥಾಲಯದ ಪ್ರತಿಯಿಂದಲೋ ಪ್ರಕಾಶಕರ ಜಾಲತಾಣದಿಂದಲೋ ಪಡೆದು ಇಟ್ಟುಕೊಂಡರೆ ಹೋಲಿಕೆ ಸುಲಭ. ಹೊದಿಕೆ ಬದಲಿಸಿದ, ಪುಟ ಹರಿದ ಪ್ರತಿಯಲ್ಲಿಯೂ ಪರಿವಿಡಿ ಸುಳ್ಳು ಹೇಳುವುದಿಲ್ಲ.

ಕೇಳಬೇಕಾದ ಚಿತ್ರಗಳು

ಎರಡರ ಬದಲು ಐದು ಚಿತ್ರಗಳನ್ನು ಕೇಳುವುದು ಉತ್ತಮ: ಮುಂದಿನ ಹೊದಿಕೆ, ಪಟ್ಟೆಗೆರೆಗಳಿರುವ ಹಿಂದಿನ ಹೊದಿಕೆ, ಶೀರ್ಷಿಕೆ ಪುಟ, ಅದರ ಬೆನ್ನಿನ ಹಕ್ಕುಸ್ವಾಮ್ಯದ ಪುಟ, ಪರಿವಿಡಿಯ ಮೊದಲ ಪುಟ. ಕೇಳುವ ಮಾತು ಸ್ಪಷ್ಟವಾಗಿದ್ದರೆ ಅಂಗಡಿಯವರಿಗೂ ತೊಂದರೆಯಿಲ್ಲ: ‘ಅಣ್ಣಾ, ಪುಸ್ತಕದ ಹೆಸರಿರುವ ಒಳಪುಟದ್ದೂ ಅದರ ಹಿಂಬದಿಯದ್ದೂ ಫೋಟೋ ಕಳಿಸಿ. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಹಾಕದೆ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಕಳಿಸಿದರೆ ಸಣ್ಣ ಅಕ್ಷರ ಓದಲು ಬರುತ್ತದೆ.’ ಫೋಟೋ ಎಂದು ಕಳುಹಿಸಿದಾಗ ವಾಟ್ಸಾಪು ಚಿತ್ರವನ್ನು ಕುಗ್ಗಿಸುತ್ತದೆ. ಮೊದಲು ಅಳಿಸಿಹೋಗುವುದು ಆ ಪುಟದ ಸಣ್ಣ ಅಂಕಿಗಳೇ.

ಐದೂ ಬಂದ ಮೇಲೆ ಹಿಂದಿನ ಹೊದಿಕೆಯ ಸಂಖ್ಯೆ ಒಳಪುಟದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಹತ್ತಂಕಿ, ಹದಿಮೂರಂಕಿಗಳ ಭೇದವನ್ನು ಕಳೆದ ಮೇಲೂ ಅವು ಹೊಂದದಿದ್ದರೆ ಚಿತ್ರಗಳು ಎರಡು ಬೇರೆ ಪ್ರತಿಗಳಿಂದ ಬಂದಿರಬಹುದು, ಇಲ್ಲವೇ ಹೊದಿಕೆ ಒಂದರದ್ದು ಒಡಲು ಇನ್ನೊಂದರದ್ದು ಆಗಿರುವ ಕಳ್ಳಪ್ರತಿಯಾಗಿರಬಹುದು. ಪ್ರಶ್ನೆಗೆ ನೇರ ಉತ್ತರ ಬರುವವರೆಗೆ ಹಣ ಕಳುಹಿಸದಿರುವುದು ಲೇಸು.

ಹಳೆಯದು ಯಾವಾಗ ನಡೆಯುತ್ತದೆ

ಕಾಲೇಜಿನ ಪಟ್ಟಿಯನ್ನೇ ಅಂತಿಮವೆಂದು ಭಾವಿಸಬೇಕಿಲ್ಲ. ಪಟ್ಟಿಗಳು ವರ್ಷದಿಂದ ವರ್ಷಕ್ಕೆ ನಕಲಾಗುತ್ತ ಹೋಗುವಾಗ ಪ್ರಕಾಶಕರ ಹೆಸರು, ವರ್ಷಗಳು ತಪ್ಪುವುದುಂಟು. ಆವೃತ್ತಿಯ ಸಂಖ್ಯೆಗೂ ವರ್ಷಕ್ಕೂ ತಾಳೆಯಾಗದಿದ್ದಾಗ ಅಧ್ಯಾಪಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಸರ್, ಮನೆಗೆಲಸದ ಲೆಕ್ಕಗಳ ಸಂಖ್ಯೆಯನ್ನು ತಾವು ಯಾವ ಆವೃತ್ತಿಯಿಂದ ಕೊಡುತ್ತೀರಿ?’ ಅವರ ಮೇಜಿನ ಮೇಲಿರುವ ಪುಸ್ತಕವೇ ತರಗತಿಯ ಪುಸ್ತಕ.

ಗ್ರಿಫಿತ್ಸ್ ಅವರ ಪುಸ್ತಕದಲ್ಲಿ ಮೂರಕ್ಕೂ ನಾಲ್ಕಕ್ಕೂ ವಿಷಯದ ಕ್ರಮ ಬಹುಮಟ್ಟಿಗೆ ಒಂದೇ. ಕಾಡುವುದು ಲೆಕ್ಕಗಳ ಸಂಖ್ಯೆ ಮತ್ತು ಹೊಸದಾಗಿ ಸೇರಿದ ಲೆಕ್ಕಗಳು. ಅಣ್ಣನದೋ ಅಕ್ಕನದೋ ಮೂರನೆಯ ಆವೃತ್ತಿ ಮನೆಯಲ್ಲಿದ್ದರೆ ಅದನ್ನೇ ಓದಿ, ಪ್ರತಿ ಅಧ್ಯಾಯದ ಕೊನೆಯ ಲೆಕ್ಕಗಳ ಪುಟಗಳನ್ನು ಗ್ರಂಥಾಲಯದ ನಾಲ್ಕನೆಯ ಆವೃತ್ತಿಯಿಂದ ಬರೆದುಕೊಳ್ಳುವುದು ತಕ್ಕ ಉಪಾಯ. ಆದರೆ ಈ ಔದಾರ್ಯ ಎಲ್ಲ ವಿಷಯಗಳಿಗೂ ಸಲ್ಲದು. ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿತು. ಕಲಮುಗಳ ಸಂಖ್ಯೆಗಳೆಲ್ಲ ಬದಲಾದವು. ಅಪರಾಧ ಕಾನೂನಿನ ಹಳೆಯ ಪಠ್ಯಪುಸ್ತಕ ಎಷ್ಟು ಅಗ್ಗವಾಗಿ ಸಿಕ್ಕರೂ ಕಾನೂನು ವಿದ್ಯಾರ್ಥಿಗೆ ಅದು ಹೊಸ ಪುಸ್ತಕದ ಬದಲಿಯಾಗದು. ಅಲ್ಲಿ ಹೊದಿಕೆಯ ಮೇಲಿನ ಆವೃತ್ತಿಯ ಸಂಖ್ಯೆಗಿಂತಲೂ ಮೊದಲು ನೋಡಬೇಕಾದದ್ದು, ಪುಸ್ತಕ ಯಾವ ಕಾಯಿದೆಯನ್ನು ಕುರಿತದ್ದು ಎಂಬುದನ್ನು.

ಕೊಂಡ ಪುಸ್ತಕದ ರಕ್ಷಾಪುಟದ ಒಳಬದಿಯಲ್ಲಿ ಪೆನ್ಸಿಲಿನಿಂದ ಆವೃತ್ತಿಯ ಸಂಖ್ಯೆ, ಹಕ್ಕುಸ್ವಾಮ್ಯದ ವರ್ಷ, ಐಎಸ್‌ಬಿಎನ್, ಯಾವ ಸೆಮಿಸ್ಟರಿಗೆ ಕೊಂಡದ್ದು ಎಂಬ ನಾಲ್ಕು ಸಂಗತಿಗಳನ್ನು ಬರೆದಿಟ್ಟರೆ ಮುಂದೆ ಅದನ್ನು ಕೇಳಿ ಬರುವ ತಮ್ಮನಿಗೋ ತಂಗಿಗೋ ನೆರೆಮನೆಯ ಮಗುವಿಗೋ ಈ ವಿಚಾರಣೆಯನ್ನು ಮತ್ತೆ ಮೊದಲಿನಿಂದ ನಡೆಸುವ ಶ್ರಮ ತಪ್ಪುತ್ತದೆ.